ಪಾರ್ಸೆಲ್ ವಾಪಸಾತಿ (ಆರ್‌ಟಿಒ)

ಆನ್‌ಲೈನಿನಲ್ಲಿ ಮಾರಿದ ಸರಕು ಗಿರಾಕಿಯ ಕೈ ಸೇರದೆ ಹೊರಟ ಜಾಗಕ್ಕೇ ಹಿಂದಿರುಗುವುದನ್ನು ಭಾರತದ ಕೊರಿಯರ್ ವ್ಯವಹಾರದಲ್ಲಿ ‘ರಿಟರ್ನ್ ಟು ಒರಿಜಿನ್’, ಚಿಕ್ಕದಾಗಿ ಆರ್‌ಟಿಒ, ಎನ್ನುತ್ತಾರೆ. ಗಿರಾಕಿ ಸರಕು ಪಡೆದು, ಬಿಚ್ಚಿ ನೋಡಿ, ಮನಸ್ಸಿಗೆ ಬಾರದೆ ಹಿಂದಿರುಗಿಸುವುದು ಬೇರೆ. ಅಲ್ಲಿ ಒಮ್ಮೆ ಮಾರಾಟ ನಡೆದಿರುತ್ತದೆ. ಆರ್‌ಟಿಒದಲ್ಲಿ ಮಾರಾಟವೇ ನಡೆದಿರುವುದಿಲ್ಲ, ಆದರೆ ಮಾರಾಟದ ಖರ್ಚೆಲ್ಲ ನಡೆದುಹೋಗಿರುತ್ತದೆ. ಮುಂಗಡವಾಗಿ ಹಣ ಕೊಟ್ಟವರ ಪಾರ್ಸೆಲ್ ಹೀಗೆ ಮರಳುವುದು ಕಡಿಮೆ. ಮನೆಬಾಗಿಲಲ್ಲಿ ಹಣ ಕೊಡುವ ಕ್ಯಾಶ್ ಆನ್ ಡೆಲಿವರಿ, ಅಂದರೆ ಸಿಒಡಿ ಆರ್ಡರುಗಳಲ್ಲಿ ಇದು ನಿತ್ಯದ ಸಂಗತಿ. ಹುಸಿ ಆರ್ಡರು ಮತ್ತು ತಪ್ಪು ವಿಳಾಸ ಇದರ ಎರಡು ಮುಖ್ಯ ಕಾರಣಗಳು. ದೊಡ್ಡ ಕಂಪನಿಗಳು ಈ ನಷ್ಟವನ್ನು ಲಕ್ಷಾಂತರ ಆರ್ಡರುಗಳ ಮೇಲೆ ಹಂಚಿ ತಾಳಿಕೊಳ್ಳುತ್ತವೆ. ಮನೆಯಿಂದಲೇ ಸೀರೆ, ಮಸಾಲೆಪುಡಿ, ಆಟಿಕೆ ಮಾರುವ ಸಣ್ಣ ವ್ಯಾಪಾರಿಗೆ ಆ ಅನುಕೂಲವಿಲ್ಲ.

ಹಿನ್ನೆಲೆ

ಸರಕು ಕೈಗೆ ಬಂದ ಮೇಲೆ ಹಣ ಕೊಡುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಅಂಚೆ ಇಲಾಖೆಯ ವಿ.ಪಿ.ಪಿ. ಸೇವೆ 1877ರಲ್ಲೇ ಶುರುವಾಯಿತು. ಪುಸ್ತಕ, ಔಷಧಿ, ಕೈಗಡಿಯಾರಗಳನ್ನು ಜನ ಪತ್ರ ಬರೆದು ತರಿಸಿಕೊಂಡು, ಪೋಸ್ಟ್‌ಮ್ಯಾನ್ ಕೈಗೆ ಹಣ ಕೊಡುತ್ತಿದ್ದರು. ತರಿಸಿಕೊಂಡವರು ಬಿಡಿಸಿಕೊಳ್ಳದೆ ಹೋದರೆ ಅಂಚೆ ವೆಚ್ಚ ಕಳಿಸಿದವರ ತಲೆಗೇ ಬರುತ್ತಿತ್ತು. ಆದ್ದರಿಂದ ವಿ.ಪಿ.ಪಿ. ಕಳಿಸುವ ಮುನ್ನ ಸ್ವಲ್ಪ ಮುಂಗಡ ಕೇಳುವ ರೂಢಿ ಪುಸ್ತಕ ವ್ಯಾಪಾರದಲ್ಲಿ ಬೆಳೆದಿತ್ತು.

ಈಗಿನ ರೂಪದ ಸಿಒಡಿ ವ್ಯಾಪಕವಾದದ್ದು 2010ರ ನಂತರ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಈ ಸೌಲಭ್ಯ ತಂದಿತು. ಆಗ ಕ್ರೆಡಿಟ್ ಕಾರ್ಡ್ ಇದ್ದವರು ಕಡಿಮೆ, ಇದ್ದವರಿಗೂ ಕಾಣದ ಅಂಗಡಿಗೆ ಮೊದಲೇ ಹಣ ಕೊಡಲು ಅಂಜಿಕೆ. 2016ರಲ್ಲಿ ಯುಪಿಐ ಬಂದಾಗ ಹಣ ಕಳಿಸುವುದು ಸುಲಭವಾಯಿತು, ಅಂಜಿಕೆ ಮಾತ್ರ ಪೂರ್ತಿ ಹೋಗಲಿಲ್ಲ. ಹೆಸರು ಕೇಳದ ಅಂಗಡಿಯ ಜಾಹೀರಾತನ್ನು ಇನ್‌ಸ್ಟಾಗ್ರಾಮಿನಲ್ಲಿ ಕಂಡವರು ‘ಮೊದಲು ಸರಕು ಬರಲಿ, ಆಮೇಲೆ ದುಡ್ಡು’ ಎನ್ನುವುದು ತಪ್ಪೂ ಅಲ್ಲ. ಹಣ ಪಡೆದು ಸರಕೇ ಕಳಿಸದ ವಂಚಕರೂ ಇದ್ದಾರೆ. ಹೀಗೆ ಗಿರಾಕಿಯ ನ್ಯಾಯವಾದ ಎಚ್ಚರಿಕೆಯ ಬೆಲೆಯನ್ನು ಪ್ರಾಮಾಣಿಕ ವ್ಯಾಪಾರಿ ತೆರುವಂತಾಗಿದೆ.

ಪಾರ್ಸೆಲ್ ಸಾಗುವ ದಾರಿ

ಆರ್ಡರು ಬಂದೊಡನೆ ವ್ಯಾಪಾರಿ ಕೊರಿಯರ್ ಕಂಪನಿಯ ಅಥವಾ ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಒದಗಿಸುವ ಮಧ್ಯವರ್ತಿ ಸಂಸ್ಥೆಯ ತಾಣದಲ್ಲಿ ವಿವರ ತುಂಬಿ ಲೇಬಲ್ ತೆಗೆಯುತ್ತಾರೆ. ಲೇಬಲ್ಲಿನ ಮೇಲಿರುವ ಬಾರ್‌ಕೋಡ್ ಸಂಖ್ಯೆಗೆ ಎಡಬ್ಲ್ಯುಬಿ ಎಂದು ಹೆಸರು. ಮುಂದಿನ ಪ್ರಯಾಣವೆಲ್ಲ ಆ ಸಂಖ್ಯೆಯ ಮೇಲೆ ನಡೆಯುತ್ತದೆ. ಪಿಕಪ್ ಹುಡುಗ ಬಂದು ಒಯ್ದ ಪಾರ್ಸೆಲ್ ಸ್ಥಳೀಯ ಹಬ್, ವಿಂಗಡಣೆ ಕೇಂದ್ರ, ತಲುಪುವ ಊರಿನ ಹಬ್ ದಾಟಿ ಡೆಲಿವರಿ ಹುಡುಗನ ಚೀಲಕ್ಕೆ ಬರುತ್ತದೆ.

ಅಲ್ಲಿ ಪಾರ್ಸೆಲ್ ತಲುಪಿಸಲಾಗದಿದ್ದರೆ ಆತ ತನ್ನ ಆ್ಯಪಿನಲ್ಲಿ ಒಂದು ಕಾರಣ ಆರಿಸಿ ಗುರುತು ಹಾಕುತ್ತಾನೆ: ಫೋನ್ ಎತ್ತಲಿಲ್ಲ, ವಿಳಾಸ ಸಿಗಲಿಲ್ಲ, ಗಿರಾಕಿ ಬೇಡವೆಂದರು, ಹಣ ಇಲ್ಲವೆಂದರು, ಹೀಗೆ. ಈ ವರದಿಯೇ ಎನ್‌ಡಿಆರ್. ಅದು ವ್ಯಾಪಾರಿಯ ಪರದೆಗೆ ಬರುತ್ತದೆ. ವ್ಯಾಪಾರಿ ಗಿರಾಕಿಯನ್ನು ಸಂಪರ್ಕಿಸಿ ‘ನಾಳೆ ಮತ್ತೆ ಪ್ರಯತ್ನಿಸಿ’ ಎಂದೋ ‘ಈ ಹೊಸ ನಂಬರಿಗೆ ಫೋನ್ ಮಾಡಿ’ ಎಂದೋ ಉತ್ತರಿಸಬೇಕು. ಇದಕ್ಕೆ ಸಿಗುವ ಸಮಯ ಸಾಮಾನ್ಯವಾಗಿ ಒಂದು ದಿನದ ಆಸುಪಾಸು. ಉತ್ತರ ಹೋಗದಿದ್ದರೆ, ಅಥವಾ ಮೂರು ಪ್ರಯತ್ನಗಳೂ ವಿಫಲವಾದರೆ, ಪಾರ್ಸೆಲ್ಲಿಗೆ ಆರ್‌ಟಿಒ ಗುರುತು ಬೀಳುತ್ತದೆ. ಅಲ್ಲಿಂದ ಅದು ಬಂದ ದಾರಿಯಲ್ಲೇ ಮರಳುತ್ತದೆ, ಆದರೆ ನಿಧಾನವಾಗಿ. ಹೋಗುವಾಗ ನಾಲ್ಕೈದು ದಿನ ಹಿಡಿದದ್ದು ಬರುವಾಗ ಎರಡು ವಾರ ಹಿಡಿಯುವುದು ಅಪರೂಪವಲ್ಲ.

ಒಂದು ಸೀರೆಯ ಲೆಕ್ಕ

ನಷ್ಟದ ಸ್ವರೂಪ ತಿಳಿಯಲು ಉದಾಹರಣೆಯೊಂದನ್ನು ಬಿಡಿಸಿ ನೋಡಬಹುದು. ಇಳಕಲ್ಲಿನಿಂದ ಇನ್‌ಸ್ಟಾಗ್ರಾಮ್ ಮೂಲಕ ಕರ್ನಾಟಕದೊಳಗೆ ಸೀರೆ ಮಾರುವ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಸೀರೆಯ ಮಾರಾಟ ಬೆಲೆ ₹1,200. ನೇಕಾರರಿಗೆ ಕೊಟ್ಟದ್ದು ₹800. ಪ್ಯಾಕಿಂಗ್ ₹20. ಅರ್ಧ ಕಿಲೋ ಒಳಗಿನ ಪಾರ್ಸೆಲ್ಲಿಗೆ ಹೋಗುವ ಬಾಡಿಗೆ ₹70, ಹಣ ವಸೂಲಿಗೆ ಕೊರಿಯರಿನವರ ಸಿಒಡಿ ಶುಲ್ಕ ₹35. ಈ ಎರಡರ ಮೇಲೆ ಶೇ 18 ಜಿಎಸ್‌ಟಿ ಸೇರಿ ಒಟ್ಟು ₹124. ವ್ಯಾಪಾರಿಯ ವಹಿವಾಟು ಸಣ್ಣದು, ಜಿಎಸ್‌ಟಿ ನೋಂದಣಿ ಇಲ್ಲ. ಹಾಗಾಗಿ ಕಟ್ಟಿದ ಆ ತೆರಿಗೆ ಮರಳಿ ಸಿಗುವುದಿಲ್ಲ. ಪಾರ್ಸೆಲ್ ತಲುಪಿ ಹಣ ಬಂದರೆ ಜಾಹೀರಾತಿನ ಖರ್ಚಿಗೆ ಮುಂಚೆ ಉಳಿಯುವುದು ₹256.

ಅದೇ ಪಾರ್ಸೆಲ್ ಮರಳಿದರೆ ಏನಾಗುತ್ತದೆ? ಸಿಒಡಿ ಶುಲ್ಕವನ್ನು ಅನೇಕ ಕೊರಿಯರ್‌ಗಳು ಹಿಂದಿರುಗಿಸುತ್ತವೆ. ಹೋದ ಬಾಡಿಗೆ ₹70 ಹೋದದ್ದೇ, ಮರಳುವ ಬಾಡಿಗೆ ₹60 ಎಂದಿಟ್ಟುಕೊಂಡರೆ ತೆರಿಗೆ ಸೇರಿ ₹153. ಪ್ಯಾಕಿಂಗಿನ ₹20 ವ್ಯರ್ಥ. ಮಡಿಕೆ ಬಿದ್ದ ಸೀರೆಗೆ ಮತ್ತೆ ಇಸ್ತ್ರಿ, ಹೊಸ ಕವರು ಎಂದು ಇನ್ನೊಂದು ₹20. ಒಟ್ಟು ನಷ್ಟ ₹193. ಸೀರೆ ಮಾತ್ರ ಕೈಯಲ್ಲೇ ಇದೆ ಎಂಬ ಸಮಾಧಾನ.

ಜಾಹೀರಾತಿನ ಖರ್ಚು ಇನ್ನೂ ಬಾಕಿ. ಹತ್ತು ಆರ್ಡರು ತರಲು ₹1,200 ಆಯಿತೆನ್ನೋಣ. ಹತ್ತರಲ್ಲಿ ಏಳು ತಲುಪಿ, ಮೂರು ಮರಳಿದವು. ಏಳರಿಂದ ₹1,792 ಬಂತು, ಮೂರರಿಂದ ₹579 ಹೋಯಿತು, ಜಾಹೀರಾತಿಗೆ ₹1,200. ಉಳಿದದ್ದು ₹13. ಏಳು ಮನೆಗಳಿಗೆ ಒಳ್ಳೆಯ ಸೀರೆ ಮುಟ್ಟಿಸಿದ ವ್ಯಾಪಾರಿಗೆ ಒಂದು ಚಹಾದ ದುಡ್ಡು ಮಾತ್ರ ದಕ್ಕಿದೆ. ಮರಳಿದವು ಮೂರರ ಬದಲು ಎರಡೇ ಆಗಿ, ಎಂಟು ತಲುಪಿದ್ದರೆ ಇದೇ ಲೆಕ್ಕ ₹462 ಲಾಭ ತೋರಿಸುತ್ತದೆ. ಒಂದೇ ಒಂದು ಪಾರ್ಸೆಲ್ಲಿನಿಂದ ಇಷ್ಟು ವ್ಯತ್ಯಾಸ.

ತೂಕದ ಅಳತೆ ಈ ನಷ್ಟವನ್ನು ಹಿಗ್ಗಿಸಬಲ್ಲದು. ಕೊರಿಯರಿನವರು ನಿಜವಾದ ತೂಕದ ಜೊತೆಗೆ ಪೊಟ್ಟಣದ ಗಾತ್ರವನ್ನೂ ತೂಕವಾಗಿ ಲೆಕ್ಕ ಹಾಕುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸುವುದು ಹೆಚ್ಚಿನ ಕೊರಿಯರ್‌ಗಳ ರೂಢಿ. ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. 30 × 25 × 3 ಅಳತೆಯ ಕವರು 0.45 ಕಿಲೋ ಎನಿಸಿಕೊಂಡರೆ, ಅದೇ ಸೀರೆ 6 ಸೆಂ.ಮೀ. ಎತ್ತರದ ಡಬ್ಬಿಯಲ್ಲಿ 0.9 ಕಿಲೋ ಎನಿಸಿಕೊಳ್ಳುತ್ತದೆ. ಹೆಚ್ಚುವರಿ ಬಾಡಿಗೆ ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ.

ಬಂಡವಾಳ ಸಿಕ್ಕಿಕೊಳ್ಳುವುದು ಈ ಲೆಕ್ಕದಲ್ಲಿ ಕಾಣದ ಇನ್ನೊಂದು ಪೆಟ್ಟು. ಹೋಗಿ ಬರುವ ಮೂರು ವಾರ ಸೀರೆ ಅಂಗಡಿಯಲ್ಲೂ ಇಲ್ಲ, ಮಾರಾಟವೂ ಆಗಿಲ್ಲ. ತಲುಪಿದ ಪಾರ್ಸೆಲ್ಲುಗಳ ಸಿಒಡಿ ಹಣ ಕೂಡ ಕೊರಿಯರಿನಿಂದ ವ್ಯಾಪಾರಿಯ ಖಾತೆಗೆ ಬರಲು ಸುಮಾರು ಒಂದು ವಾರ ಬೇಕು. ಇಪ್ಪತ್ತು ಸೀರೆಯ ಬಂಡವಾಳದಲ್ಲಿ ನಡೆಯುವ ವ್ಯಾಪಾರಕ್ಕೆ ಆರು ಸೀರೆ ದಾರಿಯಲ್ಲಿ ಸಿಕ್ಕಿಕೊಂಡರೆ ಯುಗಾದಿ, ದೀಪಾವಳಿಯ ಹೊತ್ತಿಗೆ ಬೇಡಿಕೆ ಇದ್ದೂ ಕೊಡಲು ಸರಕಿರುವುದಿಲ್ಲ.

ಹುಸಿ ಆರ್ಡರುಗಳ ಬಗೆ

ಮರಳಿದ ಪಾರ್ಸೆಲ್ಲನ್ನೆಲ್ಲ ಹುಸಿ ಎನ್ನುವುದು ವ್ಯಾಪಾರಿಗಳ ರೂಢಿಯಾದರೂ ಅದರಲ್ಲಿ ಹಲವು ಬಗೆಗಳಿವೆ. ಕೇಡು ಮಾಡಲೆಂದೇ ಹಾಕಿದ ಆರ್ಡರು ಮೊದಲನೆಯದು. ಪೈಪೋಟಿಯವರೋ ಹಗೆಯಿರುವವರೋ ಸುಳ್ಳು ಹೆಸರು, ಇಲ್ಲದ ನಂಬರು ಕೊಟ್ಟು ಒಂದರ ಹಿಂದೊಂದು ಆರ್ಡರು ಹಾಕುತ್ತಾರೆ. ಬೇರೊಬ್ಬರ ನಿಜವಾದ ನಂಬರು ಮತ್ತು ವಿಳಾಸಕ್ಕೆ ಚೇಷ್ಟೆಗೆಂದು ಹಾಕುವುದೂ ಉಂಟು. ಆಗ ಬಾಗಿಲಲ್ಲಿ ‘ನಾನು ತರಿಸಿಯೇ ಇಲ್ಲ’ ಎನ್ನುವವರು ನಿಜವನ್ನೇ ಹೇಳುತ್ತಿರುತ್ತಾರೆ.

ಎರಡನೆಯ ಬಗೆ ಗಟ್ಟಿ ಮನಸ್ಸಿಲ್ಲದ ಆರ್ಡರು. ರಾತ್ರಿ ರೀಲ್ಸ್ ನೋಡುತ್ತ ಸೀರೆ ಚೆಂದ ಕಂಡಿತು, ಹಣ ಈಗ ಕೊಡಬೇಕಿಲ್ಲ, ಒತ್ತಿದರೆ ಆಯಿತು. ಐದು ದಿನ ಕಳೆಯುವಷ್ಟರಲ್ಲಿ ಆಸೆ ಇಳಿದಿರುತ್ತದೆ, ಅಥವಾ ಅದಕ್ಕಿಂತ ಅಗ್ಗದ್ದು ಬೇರೆ ಕಡೆ ಸಿಕ್ಕಿರುತ್ತದೆ. ಒಂದೇ ಬಗೆಯ ಸರಕನ್ನು ಎರಡು ಮೂರು ಅಂಗಡಿಗಳಲ್ಲಿ ತರಿಸಿ, ಮೊದಲು ಬಂದದ್ದನ್ನಷ್ಟೇ ಇಟ್ಟುಕೊಳ್ಳುವವರೂ ಇದ್ದಾರೆ. ಇವರಿಗೆ ಮೋಸದ ಉದ್ದೇಶವಿಲ್ಲ. ಬೇಡವೆಂದರೆ ವ್ಯಾಪಾರಿಗೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಮೂರನೆಯದು ಬೇಕಾಗಿಯೂ ಕೈತಪ್ಪಿದ ಆರ್ಡರು. ತರಿಸಿದವರು ಕೆಲಸಕ್ಕೆ ಹೋಗಿದ್ದಾರೆ, ಮನೆಯಲ್ಲಿರುವ ಅತ್ತೆಯವರಿಗೆ ವಿಷಯ ಗೊತ್ತಿಲ್ಲ. ಅಥವಾ ಪಾರ್ಸೆಲ್ ಬಂದ ಹೊತ್ತಿಗೆ ಕೈಯಲ್ಲಿ ಹಣವಿಲ್ಲ. ಅಥವಾ ಅಪರಿಚಿತ ನಂಬರಿನ ಕರೆ ಎಂದು ಎತ್ತಲಿಲ್ಲ. ಈ ಮೂರನೆಯ ಬಗೆಯನ್ನು ಉಳಿಸಿಕೊಳ್ಳಬಹುದು. ಆದ್ದರಿಂದ ಇದನ್ನು ಮೊದಲೆರಡರಿಂದ ಬೇರ್ಪಡಿಸಿ ಗುರುತಿಸಬೇಕು.

ವಿಳಾಸದ ತೊಡಕು

ಭಾರತದ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಪಿನ್ ಕೋಡ್ ತಲುಪಿಸುವುದು ಅಂಚೆ ಕಚೇರಿಯ ವ್ಯಾಪ್ತಿಯವರೆಗೆ ಮಾತ್ರ. ಗ್ರಾಮಾಂತರದಲ್ಲಿ ಒಂದೇ ಪಿನ್ ಕೋಡಿನ ಕೆಳಗೆ ಹಲವಾರು ಹಳ್ಳಿಗಳಿರುತ್ತವೆ. ಅಲ್ಲಿಂದ ಮುಂದೆ ಪೋಸ್ಟ್‌ಮ್ಯಾನ್ ಹೆಸರು ನೋಡಿ ಮನೆ ಗುರುತಿಸುತ್ತಾರೆ. ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಕೊರಿಯರ್ ಹುಡುಗನಿಗೆ ಆ ಪರಿಚಯವಿರುವುದಿಲ್ಲ. ‘ಹನುಮಂತ ದೇವರ ಗುಡಿ ಹತ್ತಿರ’ ಎಂಬ ವಿಳಾಸ ಊರಿನವರಿಗೆ ಸಾಕು, ಆತನಿಗೆ ಸಾಲದು. ಹೊಸಹಳ್ಳಿ, ರಾಮಪುರದಂಥ ಹೆಸರಿನ ಊರುಗಳು ಹಲವು ತಾಲ್ಲೂಕುಗಳಲ್ಲಿವೆ. ಬೆಂಗಳೂರಿನಲ್ಲಿ ಬಡಾವಣೆಗೊಂದರಂತೆ 1ನೇ ಮೇನ್, 3ನೇ ಕ್ರಾಸ್ ಇರುವುದರಿಂದ ಬಡಾವಣೆಯ ಹೆಸರು ಬಿಟ್ಟರೆ ಉಳಿದದ್ದೆಲ್ಲ ನಿರುಪಯುಕ್ತ.

ಅಂಕಿಯ ತಪ್ಪು ಇನ್ನೂ ದುಬಾರಿ. ದಾವಣಗೆರೆಯ 577001 ಬರೆಯಬೇಕಾದಲ್ಲಿ ಗಿರಾಕಿ 575001 ಒತ್ತಿದರೆ ಅದು ಮಂಗಳೂರಿನದಾಗುತ್ತದೆ. ವಿಂಗಡಣೆ ಯಂತ್ರ ಊರಿನ ಹೆಸರು ಓದುವುದಿಲ್ಲ, ಪಿನ್ ನೋಡಿ ಕಳಿಸುತ್ತದೆ. ಇಳಕಲ್ಲಿನ ಸೀರೆ ಘಟ್ಟ ಇಳಿದು ಮಂಗಳೂರಿನ ಹಬ್ ಸೇರುತ್ತದೆ, ಅಲ್ಲಿನವರು ವಿಳಾಸ ತಮ್ಮದಲ್ಲವೆಂದು ಗುರುತು ಹಾಕುತ್ತಾರೆ. ಅಲ್ಲಿಂದ ದಾವಣಗೆರೆಗೆ ತಿರುಗಿಸುವ ಬದಲು ಇಳಕಲ್ಲಿಗೇ ಮರಳಿಸುವ ಸಂಭವ ಹೆಚ್ಚು. ದಾವಣಗೆರೆಯ ಗಿರಾಕಿ ಸೀರೆಗಾಗಿ ಕಾಯುತ್ತಲೇ ಇರುತ್ತಾರೆ.

ಅಂಚೆ ಇಲಾಖೆ 2025ರಲ್ಲಿ ಹೊರತಂದ ಡಿಜಿಪಿನ್ ಈ ತೊಡಕಿನ ಒಂದು ಭಾಗಕ್ಕೆ ಉತ್ತರ. ಅದು ದೇಶದ ನೆಲವನ್ನು ಸುಮಾರು 4 ಮೀಟರ್ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ 10 ಅಕ್ಷರ–ಅಂಕಿಗಳ ಗುರುತು ಕೊಡುತ್ತದೆ. ಅದು ಹೇಳುವುದು ಜಾಗವನ್ನು ಮಾತ್ರ. ಆ ಜಾಗದ ಮೂರನೇ ಮಹಡಿಯಲ್ಲಿ ಯಾರಿದ್ದಾರೆಂದು ಹೇಳುವುದಿಲ್ಲ. ಆರ್ಡರು ಪಡೆಯುವವರ ಫಾರ್ಮೂ ಕೊರಿಯರಿನವರ ಆ್ಯಪೂ ಎರಡೂ ಅದನ್ನು ಸ್ವೀಕರಿಸಿದರೆ ಮಾತ್ರ ಪ್ರಯೋಜನ.

ಕಾರಣ ಗುರುತಿಸುವ ಬಗೆ

ಎನ್‌ಡಿಆರ್‌ನಲ್ಲಿ ಬರೆದ ಕಾರಣವೇ ನಿಜವಾದ ಕಾರಣ ಎಂದು ನಂಬುವಂತಿಲ್ಲ. ಹಲವೆಡೆ ಡೆಲಿವರಿ ಹುಡುಗರಿಗೆ ಕೂಲಿ ಸಿಗುವುದು ತಲುಪಿಸಿದ ಪಾರ್ಸೆಲ್ಲಿಗೆ ಮಾತ್ರ. ದೂರದ ತೋಟದ ಮನೆಗೆ ಹೋಗಿ ಬೀಗ ಕಂಡು ಮರಳಿದರೆ ಪೆಟ್ರೋಲು ಅವರದೇ. ಹೀಗಿರುವಾಗ ಸಂಜೆ ಉಳಿದ ಪಾರ್ಸೆಲ್ಲಿಗೆ ಹೋಗದೆಯೇ ‘ಗಿರಾಕಿ ಸಿಗಲಿಲ್ಲ’ ಎಂದು ಒತ್ತುವುದು ನಡೆಯುತ್ತದೆ. ಇದಕ್ಕೆ ಆ ಹುಡುಗನ ಸೋಮಾರಿತನವನ್ನಷ್ಟೇ ದೂರುವುದು ಅನ್ಯಾಯ. ಕೂಲಿಯ ವ್ಯವಸ್ಥೆಯೇ ಹಾಗಿದೆ.

ಗುರುತಿಸಲು ಸಮಯ ಒಳ್ಳೆಯ ಸುಳಿವು. ಒಂದೇ ನಿಮಿಷದಲ್ಲಿ ಬೇರೆ ಬೇರೆ ಬೀದಿಗಳ ನಾಲ್ಕು ಪಾರ್ಸೆಲ್ಲುಗಳಿಗೆ ‘ಸಿಗಲಿಲ್ಲ’ ಎಂದು ದಾಖಲಾಗಿದ್ದರೆ, ಅಥವಾ ರಾತ್ರಿ ಒಂಬತ್ತರ ಮೇಲೆ ದಾಖಲಾಗಿದ್ದರೆ, ಯಾರೂ ಬಾಗಿಲಿಗೆ ಹೋಗಿಲ್ಲ ಎಂದೇ ಶಂಕಿಸಬೇಕು. ‘ಗಿರಾಕಿ ಬೇಡವೆಂದರು’ ಎಂಬ ವರದಿ ಬಂದಾಗ ಅದೇ ದಿನ ಗಿರಾಕಿಗೆ ಫೋನ್ ಮಾಡಿ, ‘ನಿಮ್ಮ ಪಾರ್ಸೆಲ್ ಬಂತಾ?’ ಎಂದು ತಟಸ್ಥವಾಗಿ ಕೇಳಬೇಕು. ‘ಇಲ್ಲ, ಕಾಯ್ತಾ ಇದ್ದೀನಿ’ ಎಂದರೆ ತಪ್ಪು ಕೊರಿಯರಿನದು. ‘ಹೌದು ಮೇಡಂ, ಮನೆಯಲ್ಲಿ ಬೇಡ ಅಂದ್ರು’ ಎಂದರೆ ಮನಸ್ಸು ಬದಲಾಗಿದೆ. ಮರುಪ್ರಯತ್ನ ಕೇಳಿ ಫಲವಿಲ್ಲ. ನಂಬರೇ ಅಸ್ತಿತ್ವದಲ್ಲಿಲ್ಲವೆಂದು ಧ್ವನಿ ಬಂದರೆ ಮೊದಲ ಬಗೆಯ ಹುಸಿ. ಹೀಗೆ ಒಂದೆರಡು ತಿಂಗಳು ಪ್ರತಿ ವಾಪಸಾತಿಗೂ ಕಾರಣ ಬರೆದಿಟ್ಟರೆ ನಷ್ಟ ಎಲ್ಲಿಂದ ಬರುತ್ತಿದೆ ಎಂಬುದು ಕಾಣುತ್ತದೆ. ಒಂದೇ ಹಬ್‌ನಲ್ಲಿ ಕೊರಿಯರಿನ ತಪ್ಪು ಮತ್ತೆ ಮತ್ತೆ ಕಂಡರೆ ಆ ಪಿನ್‌ಗಳಿಗೆ ಬೇರೆ ಕೊರಿಯರ್ ಅಥವಾ ಅಂಚೆ ಇಲಾಖೆಯ ಸೇವೆ ಬಳಸುವುದು ಪರಿಹಾರ, ಗಿರಾಕಿಗಳನ್ನು ದೂರವಿಡುವುದಲ್ಲ.

ಮರಳಿದ ಪೊಟ್ಟಣವನ್ನೂ ಪರೀಕ್ಷಿಸಿಯೇ ಪಡೆಯಬೇಕು. ಟೇಪು ಬದಲಾಗಿರುವುದು, ತೂಕ ಕಡಿಮೆ ಇರುವುದು, ಒಳಗೆ ಬೇರೆ ಬಟ್ಟೆ ಇರುವುದು ಉಂಟು. ಲೇಬಲ್ ಕಾಣುವಂತೆ ಹಿಡಿದು, ಬಿಚ್ಚುವುದನ್ನು ನಿಲ್ಲಿಸದೆ ಒಂದೇ ವಿಡಿಯೋ ಮಾಡಿಟ್ಟರೆ ಮಾತ್ರ ಕೊರಿಯರಿನವರು ದೂರನ್ನು ಪರಿಗಣಿಸುತ್ತಾರೆ. ಅದಕ್ಕೆ ಅವರು ಕೊಡುವ ಗಡುವು ಚಿಕ್ಕದು.

ಕಾನೂನಿನ ನೆಲೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ವಂಚನೆಯನ್ನು ಕುರಿತದ್ದು. ಬೇಕೆಂದೇ ಹುಸಿ ಆರ್ಡರು ಹಾಕಿದವರ ಮೇಲೆ ದೂರು ಕೊಡಲು ಅದರಡಿ ಅವಕಾಶವಿದ್ದರೂ, ಆರ್ಡರು ಹಾಕುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬೇಕು. ₹193ರ ನಷ್ಟಕ್ಕೆ ಠಾಣೆ ಹತ್ತುವ ವ್ಯಾಪಾರಿ ಇಲ್ಲ. ಮನಸ್ಸು ಬದಲಿಸಿ ಪಾರ್ಸೆಲ್ ಬೇಡವೆಂದ ಗಿರಾಕಿಗೆ ಬಾಗಿಲಲ್ಲಿ ಯಾವ ದಂಡವೂ ಬೀಳುವುದಿಲ್ಲ. ಸಿಟ್ಟಿನಲ್ಲಿ ಕೆಲವರು ಅಂಥ ಗಿರಾಕಿಗಳ ಹೆಸರು, ನಂಬರುಗಳ ಪಟ್ಟಿ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುತ್ತಾರೆ. ಇದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೆ ವಿರುದ್ಧ. ಚೇಷ್ಟೆಗೆ ಬಲಿಯಾದವರ ಹೆಸರೂ ಆ ಪಟ್ಟಿ ಸೇರುವುದರಿಂದ ಅದು ನ್ಯಾಯವೂ ಅಲ್ಲ.

ಸಿಒಡಿಗೆ ಹೆಚ್ಚುವರಿ ಶುಲ್ಕ ಹಾಕುವವರು ಅದನ್ನು ಕೊನೆಯ ಪುಟದವರೆಗೆ ಮರೆಮಾಚಬಾರದು. ಬೆಲೆಯ ಭಾಗವನ್ನು ಬಚ್ಚಿಟ್ಟು ಕೊನೆಗೆ ಸೇರಿಸುವುದನ್ನು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ನಿಷೇಧಿಸುತ್ತವೆ. ಸಿಒಡಿ ಶುಲ್ಕದ ಬಗ್ಗೆ ಬಂದ ದೂರುಗಳನ್ನು ಇಲಾಖೆ ಪರಿಶೀಲಿಸುತ್ತಿದೆ ಎಂದು ಧಾರವಾಡದ ಸಂಸದರೂ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ 2025ರ ಅಕ್ಟೋಬರಿನಲ್ಲಿ ತಿಳಿಸಿದ್ದರು.

ತಡೆಯುವ ಕ್ರಮಗಳು, ಅವುಗಳ ಮಿತಿ

ಸ್ವಲ್ಪ ಮುಂಗಡ ಕೇಳುವುದು ಹೆಚ್ಚು ಪರಿಣಾಮಕಾರಿ ಕ್ರಮ. ಮೇಲಿನ ಉದಾಹರಣೆಗೇ ₹100 ಮುಂಗಡ ಸೇರಿಸಿ ನೋಡೋಣ. ಬೇಡವೆಂದರೆ ಅದು ಮರಳದೆಂದು ಆರ್ಡರಿನ ಪುಟದಲ್ಲೇ ಸ್ಪಷ್ಟವಾಗಿ ಬರೆದಿದೆ. ಜಾಹೀರಾತಿನ ಖರ್ಚು ಅದೇ ₹1,200. ಹತ್ತರ ಬದಲು ಎಂಟೇ ಆರ್ಡರು ಬಂದು, ಏಳು ತಲುಪಿ ಒಂದು ಮರಳಿತು ಎಂದರೆ ಲಾಭ ₹13ರಿಂದ ₹499ಕ್ಕೆ ಏರುತ್ತದೆ. ಆದರೆ ಮುಂಗಡಕ್ಕೆ ಅಂಜಿ ಇಬ್ಬರು ನಿಜವಾದ ಗಿರಾಕಿಗಳೂ ದೂರವಾಗಿ, ಆರು ಆರ್ಡರಿನಲ್ಲಿ ಐದು ತಲುಪಿ ಒಂದು ಮರಳಿದರೆ ₹13 ನಷ್ಟ. ಹೀಗೆ ಮುಂಗಡದಿಂದ ಒಳಿತಾಗುವುದು ಅದು ಯಾರನ್ನು ದೂರವಿಡುತ್ತದೆ ಎಂಬುದರ ಮೇಲೆ ನಿಂತಿದೆ. ಹೊಸ ಅಂಗಡಿಗಿಂತ, ಹಳೆಯ ಗಿರಾಕಿಗಳ ಮೆಚ್ಚುಗೆಯ ಮಾತುಗಳಿರುವ ಅಂಗಡಿಗೆ ಇದು ಒಗ್ಗುತ್ತದೆ.

ಒಟಿಪಿ ಕೇಳಿ ಆರ್ಡರು ಪಡೆಯುವುದು ಇಲ್ಲದ ನಂಬರುಗಳನ್ನು ತಡೆಯುತ್ತದೆ, ಗಟ್ಟಿ ಮನಸ್ಸಿಲ್ಲದವರನ್ನಲ್ಲ. ಮರಳುವಿಕೆ ಹೆಚ್ಚಿರುವ ಪಿನ್ ಕೋಡುಗಳಿಗೆ ಸಿಒಡಿ ನಿಲ್ಲಿಸುವುದು ಸುಲಭದ ದಾರಿ, ಆದರೆ ಯಾರದೋ ತಪ್ಪಿಗೆ ಇಡೀ ತಾಲ್ಲೂಕಿನ ಪ್ರಾಮಾಣಿಕರಿಗೆ ಬಾಗಿಲು ಮುಚ್ಚಿದಂತಾಗುತ್ತದೆ.

ಸಣ್ಣ ವ್ಯಾಪಾರಿಗೆ ಹಣ ಖರ್ಚಿಲ್ಲದೆ ಸಿಗುವ ಕ್ರಮವೆಂದರೆ ಪ್ಯಾಕ್ ಮಾಡುವ ಮೊದಲು ಗಿರಾಕಿಯನ್ನು ಮಾತಾಡಿಸುವುದು. ವಾಟ್ಸ್‌ಆ್ಯಪಿನಲ್ಲಿ ಸೀರೆಯ ಚಿತ್ರ, ಕೊಡಬೇಕಾದ ಮೊತ್ತ, ಅವರು ಬರೆದ ವಿಳಾಸ ಕಳಿಸಿ, ಪಿನ್ ಮತ್ತು ಊರು ಹೊಂದುತ್ತವೆಯೇ ನೋಡಿ, ಮನೆಯ ಇನ್ನೊಬ್ಬರ ನಂಬರು ಕೇಳಬೇಕು. ‘ಕಳಿಸಲೇ?’ ಎಂಬ ಪ್ರಶ್ನೆಯ ಜೊತೆಗೆ ‘ಬೇಡವಾದರೆ ಈಗಲೇ ಹೇಳಿ, ಬೇಸರವಿಲ್ಲ’ ಎಂಬ ಮಾತೂ ಇರಬೇಕು. ಅನೇಕ ವ್ಯಾಪಾರಿಗಳು ಈ ಎರಡನೆಯ ಮಾತಿಗೆ ಹಿಂಜರಿಯುತ್ತಾರೆ. ಕೈಗೆ ಬಂದ ಆರ್ಡರು ತಪ್ಪೀತೆಂಬ ಭಯ. ಲೆಕ್ಕ ನೋಡಿದರೆ ಭಯಕ್ಕೆ ಆಧಾರವಿಲ್ಲ. ಪ್ಯಾಕಿಂಗಿಗೆ ಮೊದಲು ಬಂದ ‘ಬೇಡ’ದಿಂದ ಜಾಹೀರಾತಿನ ಹಣದ ಹೊರತು ಬೇರೇನೂ ಹೋಗುವುದಿಲ್ಲ, ಅದು ಹೇಗೂ ಖರ್ಚಾದದ್ದು. ಪ್ಯಾಕಿಂಗ್ ಆದ ಮೇಲೆ ಬಂದರೆ ₹20, ಪಾರ್ಸೆಲ್ ಊರು ಬಿಟ್ಟ ಮೇಲೆ ಬಂದರೆ ₹193. ಗಿರಾಕಿಯ ನಿರ್ಧಾರ ಮೂರು ಸಲವೂ ಅದೇ, ವ್ಯಾಪಾರಿಗೆ ತಿಳಿದ ಹೊತ್ತು ಮಾತ್ರ ಬೇರೆ. ಆದ್ದರಿಂದ ರದ್ದು ಮಾಡುವುದನ್ನು ಕಷ್ಟಗೊಳಿಸಿದ ಅಂಗಡಿ ತನ್ನ ನಷ್ಟವನ್ನೇ ಹೆಚ್ಚಿಸಿಕೊಳ್ಳುತ್ತದೆ. ಗಿರಾಕಿಗೂ ಇದರಲ್ಲಿ ಒಂದು ಹೊಣೆಯಿದೆ: ಮನಸ್ಸು ಬದಲಾದ ದಿನವೇ ಒಂದು ಸಂದೇಶ ಕಳಿಸಿದರೆ ಸಾಕು, ಬಾಗಿಲಿಗೆ ಬಂದವನಿಗೆ ಬೇಡವೆನ್ನುವವರೆಗೆ ಕಾಯಬೇಕಿಲ್ಲ.